ಅಂಗಡಿ ಬಿಡಿ ಎಂದಾಗ ಮೊದಲು ಅಳೆಯಬೇಕಾದ್ದು ಅಂಗಡಿಯನ್ನೇ

ಗುಂಡ್ಲುಪೇಟೆಯ ಕೋರ್ಟಿನ ಸುದ್ದಿಗೆಂದು ವಾರಕ್ಕೊಮ್ಮೆಯಾದರೂ ಹೋಗುತ್ತೇನೆ. ಅಲ್ಲಿ ಕೊಲೆ ಕೇಸಿಗಿರುವ ಬೆಲೆ ಬಾಡಿಗೆ ಕೇಸಿಗಿಲ್ಲ. ಅಂಗಡಿ ಖಾಲಿ ಮಾಡಿಸುವ ದಾವೆಯ ಬಗ್ಗೆ ಬರೆದು ಕಳಿಸಿದರೆ ಡೆಸ್ಕಿನವರು "ಲೋಕಲ್ ಜಗಳ" ಎಂದು ಪಕ್ಕಕ್ಕಿಡುತ್ತಾರೆ. ಆದರೆ ಊಟಿ, ಕೇರಳದ ಕಡೆ ಹೋಗುವ ಗಾಡಿಗಳನ್ನೇ ನಂಬಿಕೊಂಡಿರುವ ನಮ್ಮ ಪೇಟೆ ಬೀದಿಯಲ್ಲಿ ಅರ್ಧಕ್ಕರ್ಧ ಜನ ಬಾಡಿಗೆ ಶಟರ್ ಕೆಳಗೇ ಬದುಕುವವರು. ಅವರಲ್ಲಿ ಒಬ್ಬ ಟೈಲರ್ ಅಣ್ಣನ ಕೇಸನ್ನು ನಾನು ಮೊದಲಿಂದ ಕೊನೆವರೆಗೆ ನೋಡಿದೆ. ಹೆಸರು ಬೇಡ ಎಂದಿದ್ದಾರೆ, ಬರೆಯುವುದಿಲ್ಲ.

ಅಂಗಡಿ ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದ. ತಿಂಗಳಿಗೆ 6,000 ರೂಪಾಯಿ ಬಾಡಿಗೆ, 50,000 ಅಡ್ವಾನ್ಸ್. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ವರ್ಷಗಳಾಗಿದ್ದರೂ ಯಾರೂ ಹೊಸದು ಮಾಡಿಸಿರಲಿಲ್ಲ. ಮಾಲೀಕರು ಬಾಡಿಗೆ ತಗೊಳ್ಳುತ್ತಿದ್ದರು, ಇವರು ಕೊಡುತ್ತಿದ್ದರು. ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದು ಮೂರು ತಿಂಗಳ 18,000 ಬಾಕಿ ಉಳಿಯಿತು. ಅದೇ ಹೊತ್ತಿಗೆ ಮಾಲೀಕರ ಮಗನಿಗೆ ಮೊಬೈಲ್ ಅಂಗಡಿ ಹಾಕುವ ಆಸೆ. ವಕೀಲರಿಂದ ನೋಟಿಸ್ ಬಂತು: ಬಾಕಿ ಕೊಡಿ, ಸ್ವಂತಕ್ಕೆ ಬೇಕು, ಹದಿನೈದು ದಿನದಲ್ಲಿ ಖಾಲಿ ಮಾಡಿ.

ಅಣ್ಣ ಪೋಸ್ಟ್‌ಮ್ಯಾನ್ ತಂದ ಕವರನ್ನು ಕೈಗೇ ತಗೊಳ್ಳಲಿಲ್ಲ. "ತಕ್ಕೊಂಡ್ರೆ ತಾನೆ ತಮ್ಮ ನೋಟಿಸ್ ಆಗದು?" ಎಂದರು. ಬೀದಿಯಲ್ಲಿ ಎಲ್ಲರ ನಂಬಿಕೆ ಇದೇ. ಸರಿಯಾದ ವಿಳಾಸಕ್ಕೆ ಕಳಿಸಿದ ಕವರಿನ ಮೇಲೆ 'ನಿರಾಕರಿಸಿದ್ದಾರೆ' ಎಂದು ಅಂಚೆಯವರು ಬರೆದು ವಾಪಸ್ ಕಳಿಸಿದರೆ, ಸಾಮಾನ್ಯವಾಗಿ ಕೋರ್ಟು ಅದನ್ನು ತಲುಪಿದಂತೆಯೇ ಎಣಿಸುತ್ತದೆ. ಇವರಿಗೆ ನಷ್ಟವಾದದ್ದು ಒಂದೇ, ಒಳಗೇನು ಬರೆದಿತ್ತೆಂದು ಓದುವ ಅವಕಾಶ. (2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೇ ಸೇರಿಸಿದ್ದಾರೆ. ಆದ್ದರಿಂದ ಈಗ ಬರುವ ನೋಟಿಸು ಸ್ಪೀಡ್ ಪೋಸ್ಟ್ ಕವರಿನಲ್ಲೇ ಇರುತ್ತದೆ, ಮಾಮೂಲಿ ಕಾಗದ ಎಂದು ಬಿಸಾಕಬೇಡಿ.)

ಆಮೇಲೆ ಅಣ್ಣ ಹೇಗೋ 18,000 ಹೊಂದಿಸಿ ಮಾಲೀಕರ ಖಾತೆಗೆ ಹಾಕಿದರು. "ಬಾಕಿ ಚುಕ್ತಾ ಆಯ್ತಲ್ಲ, ಇನ್ನೇನಿದ್ದದು?" ಎಂದುಕೊಂಡು ನಿರಾಳವಾದರು. ಅವರ ಪರ ನಿಂತ ವಕೀಲರು ಮೊದಲು ಕೇಳಿದ್ದು ಬಾಕಿಯ ಮಾತಲ್ಲ, ಅಂಗಡಿಯ ಅಳತೆ. ಯಾಕೆಂದು ನನಗೂ ಆಗ ಅರ್ಥವಾಗಲಿಲ್ಲ.

ವಿಷಯ ಹೀಗಿದೆ. ಬಾಡಿಗೆದಾರನಿಗೆ ರಕ್ಷಣೆ ಕೊಡುವ ಕಾನೂನು ಎಂದು ನಾವು ಹೇಳುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು. ಅದು 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅದರ 27ನೇ ಕಲಂನಲ್ಲಿ, ಯಾವ ಯಾವ ಕಾರಣಕ್ಕೆ ಮಾತ್ರ ಖಾಲಿ ಮಾಡಿಸಬಹುದು ಎಂಬ ಪಟ್ಟಿ ಇದೆ. ಬಾಡಿಗೆ ಬಾಕಿ ಒಂದು ಕಾರಣ. ಆದರೆ ಬಾಕಿ ಕೇಳುವ ನೋಟಿಸ್ ತಲುಪಿದ ಎರಡು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಆ ಕಾರಣ ಬಿದ್ದುಹೋಗುತ್ತದೆ. ಸ್ವಂತ ಬಳಕೆ ಇನ್ನೊಂದು ಕಾರಣ. ತನಗೋ ತನ್ನ ಮನೆಯವರಿಗೋ ಬೇಕು, ತಕ್ಕ ಬೇರೆ ಜಾಗ ತನಗಿಲ್ಲ ಎಂದು ಮಾಲೀಕ ಸಾಕ್ಷಿ ಸಮೇತ ತೋರಿಸಬೇಕು. ಪಕ್ಕದ ಬೀದಿಯಲ್ಲಿ ಅವನದೇ ಖಾಲಿ ಅಂಗಡಿ ಇದ್ದರೆ ಪಾಟಿಸವಾಲಿನಲ್ಲಿ ಅದು ಹೊರಗೆ ಬರುತ್ತದೆ.

ಆದರೆ ಈ ಕಾಯ್ದೆ ಎಲ್ಲ ಕಟ್ಟಡಕ್ಕೂ ಸಿಗುವುದಿಲ್ಲ. ಮೊದಲಿಗೆ ಊರು ಕಾಯ್ದೆಯ ಪಟ್ಟಿಯಲ್ಲಿರಬೇಕು. ಮನೆಯಾದರೆ ಬಾಡಿಗೆಗೊಂದು ಮಿತಿ ಇದೆ. ದೊಡ್ಡ ನಗರಗಳಿಗೆ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ. ಇವತ್ತು ಆ ಬಾಡಿಗೆಗೆ ಮನೆ ಎಲ್ಲಿ ಸಿಗುತ್ತದೋ ನಾನು ಕಾಣೆ. ವ್ಯಾಪಾರದ ಜಾಗವಾದರೆ ತಳಪಾಯದ ವಿಸ್ತೀರ್ಣ 14 ಚದರ ಮೀಟರ್ ಮೀರಬಾರದು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 150 ಚದರಡಿ. ಅಣ್ಣನ ಅಂಗಡಿ 216 ಚದರಡಿ. ಕಾಯ್ದೆಯ ಬಾಗಿಲು ಅಲ್ಲಿಗೇ ಮುಚ್ಚಿತು.

ಹಾಗೆ ಹೊರಗುಳಿದ ಅಂಗಡಿಗೆ ಅನ್ವಯವಾಗುವುದು 1882ರ ಸ್ವತ್ತು ಹಸ್ತಾಂತರ ಕಾಯ್ದೆ. ಅಗ್ರಿಮೆಂಟ್ ಅವಧಿ ಮುಗಿದ ಮೇಲೂ ಬಾಡಿಗೆ ತಗೊಂಡು ಮುಂದುವರಿಸಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. ಅದನ್ನು ಮುಗಿಸಲು 106ನೇ ಕಲಂ ಪ್ರಕಾರ ಹದಿನೈದು ದಿನದ ಲಿಖಿತ ನೋಟಿಸ್ ಸಾಕು, ಕಾರಣವನ್ನೇ ಹೇಳಬೇಕಿಲ್ಲ. ಮಗನ ಮೊಬೈಲ್ ಅಂಗಡಿ ನಿಜವೋ ಸುಳ್ಳೋ ಎಂದು ಕೋರ್ಟು ಕೇಳುವುದಿಲ್ಲ. ಬಾಕಿ ಕಟ್ಟಿದ್ದರಿಂದ ಸಾಲ ತೀರಿತೇ ಹೊರತು ಅಂಗಡಿ ಉಳಿಯಲಿಲ್ಲ. ಅಗ್ರಿಮೆಂಟ್ ಅವಧಿ ಇನ್ನೂ ನಡೆಯುತ್ತಿದ್ದಿದ್ದರೆ ಮಾತು ಬೇರೆಯಿತ್ತು. ಹೊಸ ಅಗ್ರಿಮೆಂಟ್ ಬೇಡ ಎಂದು ಇಬ್ಬರೂ ಉಳಿಸಿದ ಸ್ಟಾಂಪ್ ಪೇಪರಿನ ದುಡ್ಡು ಕೊನೆಗೆ ಅಣ್ಣನಿಗೇ ದುಬಾರಿಯಾಯಿತು.

ಹಾಗಂತ ಹದಿನಾರನೇ ದಿನ ಬಂದು ಬೀಗ ಹಾಕುವ ಹಕ್ಕೂ ಮಾಲೀಕರಿಗಿಲ್ಲ. ಆದರೆ ಅವರು ಹಾಕಿದರು. ಬೆಳಿಗ್ಗೆ ಬಂದು ನೋಡಿದರೆ ಶಟರಿಗೆ ಎರಡು ಬೀಗ, ಒಳಗೆ ಗಿರಾಕಿಗಳ ಮದುವೆ ಬಟ್ಟೆ. ಪೊಲೀಸರು "ಸಿವಿಲ್ ಮ್ಯಾಟರ್" ಎಂದರು. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇರುವುದು ಇಂಥದ್ದಕ್ಕೇ. ಕಾನೂನಿನ ಕ್ರಮವಿಲ್ಲದೆ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು, ಅಲ್ಲಿ ಮಾಲೀಕತ್ವದ ಪ್ರಶ್ನೆ ಬರುವುದಿಲ್ಲ. ಆರು ತಿಂಗಳು ದಾಟಿದರೆ ಈ ದಾರಿ ಇಲ್ಲ. ಅಣ್ಣನ ವಕೀಲರು ಬೀಗ ಬಿದ್ದ ಶಟರಿನ ಫೋಟೊ, ಅಂಗಡಿ ಹೆಸರಿನ ಕರೆಂಟ್ ಬಿಲ್, ಬಾಡಿಗೆ ಹಾಕಿದ ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ಈ ದಾವೆಯ ಮಾತೆತ್ತಿದ ಮೇಲೆ ಎದುರು ಪಕ್ಷದ ವಕೀಲರೇ ಬೀಗ ತೆಗೆಸಿದರು.

ಆಮೇಲೆ ಮಾಲೀಕರು ಸರಿಯಾದ ದಾರಿಗೆ ಬಂದು ಖಾಲಿ ಮಾಡಿಸುವ ದಾವೆ ಹೂಡಿದರು. ಸಮನ್ಸ್ ಬಂದ ಮೇಲೆ ಲಿಖಿತ ಹೇಳಿಕೆಗೆ ಮೂವತ್ತು ದಿನ, ಕೋರ್ಟು ಒಪ್ಪಿದರೆ ತೊಂಬತ್ತರವರೆಗೆ. ವಿವಾದಾಂಶ ಗೊತ್ತುಮಾಡಿ, ಪ್ರಮಾಣಪತ್ರದ ಸಾಕ್ಷ್ಯ, ಪಾಟಿಸವಾಲು, ವಾದ, ತೀರ್ಪು. ಖಾಲಿ ಮಾಡಿ ಎಂದು ಡಿಕ್ರಿಯಾದರೂ ಮಾಲೀಕ ತಾನೇ ಸಾಮಾನು ಎಸೆಯುವಂತಿಲ್ಲ. ಅಮಲ್ಜಾರಿ ಅರ್ಜಿ ಹಾಕಬೇಕು, ಕೋರ್ಟಿನ ಅಮೀನರು ವಾರಂಟ್ ಹಿಡಿದು ಬಂದು ಸ್ವಾಧೀನ ಕೊಡಿಸಬೇಕು.

ಈ ನಡುವೆ ಮಾಲೀಕರು ಬಾಡಿಗೆ ಬೇಡ ಎಂದರು. "ಅವ್ರೇ ಬ್ಯಾಡ ಅಂದ್ರೆ ನಾನ್ಯಾಕೆ ಕೊಡ್ಲಿ" ಎಂದು ಅಣ್ಣ ಕೈಕಟ್ಟಿ ಕೂರುವುದರಲ್ಲಿದ್ದರು, ವಕೀಲರು ಬಿಡಲಿಲ್ಲ. ನೋಟಿಸ್ ಅವಧಿ ಮುಗಿದ ಮೇಲೂ ಜಾಗದಲ್ಲಿ ಕೂತರೆ ಆ ದಿನಗಳಿಗೆ ನಷ್ಟ ಪರಿಹಾರ ಕೇಳುತ್ತಾರೆ. ಅದನ್ನು ಹಳೇ ಬಾಡಿಗೆಯ ದರದಲ್ಲೇ ಕಟ್ಟಬೇಕೆಂದಿಲ್ಲ, ಪೇಟೆ ದರದಲ್ಲೂ ಕಟ್ಟಬಹುದು. ಅಡ್ವಾನ್ಸಿನಲ್ಲಿ ವಜಾ ಮಾಡಿಕೊಳ್ಳಲಿ ಎಂಬ ಮಾತೂ ಬಂತು. ಅಡ್ವಾನ್ಸ್ ಖಾಲಿ ಮಾಡುವಾಗ ವಾಪಸ್ ಎಂದು ಹಳೇ ಅಗ್ರಿಮೆಂಟಿನಲ್ಲೇ ಬರೆದಿತ್ತು, ಮಾಲೀಕರು ಒಪ್ಪಲಿಲ್ಲ. ಪ್ರತಿ ತಿಂಗಳೂ ಅದೇ ಖಾತೆಗೆ 6,000 ಹಾಕಿ ರಸೀದಿ ಇಟ್ಟುಕೊಂಡರು.

ಗೆಲ್ಲುವ ಕೇಸಲ್ಲ ಎಂದು ಗೊತ್ತಿದ್ದರಿಂದ ಅಣ್ಣನಿಗೆ ಬೇಕಿದ್ದದ್ದು ಸಮಯ. ದಸರಾ, ದೀಪಾವಳಿಯ ಹೊಲಿಗೆ ಮುಗಿಯಬೇಕು, ಹೊಸ ಜಾಗ ಸಿಗಬೇಕು. ಕೇಸು ಲೋಕ ಅದಾಲತ್ತಿಗೆ ಹೋಯಿತು. ಅಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀಯೂ ವಾಪಸ್ ಬರುತ್ತದೆ. ಐದು ತಿಂಗಳ ವಾಯಿದೆ, ಅಲ್ಲಿವರೆಗೆ ಹಳೇ ಬಾಡಿಗೆ, ನಷ್ಟ ಪರಿಹಾರದ ಬೇಡಿಕೆ ಕೈಬಿಟ್ಟದ್ದು, ಬೀಗದ ಕೈ ಕೊಡುವ ದಿನವೇ 50,000 ಅಡ್ವಾನ್ಸ್ ಬ್ಯಾಂಕಿಗೆ. ಕೊನೆಯ ಆ ಒಂದು ಸಾಲನ್ನು ರಾಜಿ ಪತ್ರದಲ್ಲಿ ಸೇರಿಸಲು ಅರ್ಧ ಗಂಟೆ ಜಗ್ಗಾಟವಾಯಿತು. ಅಣ್ಣನ ವಕೀಲರು ಅದಿಲ್ಲದೆ ಸಹಿ ಹಾಕಿಸುವುದಿಲ್ಲ ಎಂದು ಕೂತರು, ಕೊನೆಗೆ ಮಾಲೀಕರು ಒಪ್ಪಿದರು.