ಹೆಸರು ಇಂಡಿಯಾ, ಸರ್ವರ್ ಎಲ್ಲಿ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಮನೆಯಿಂದಲೇ ನನ್ನ ಕೆಲಸ. ಸಂಜೆಯ ವಿಡಿಯೋ ಕಾಲ್‌ನಲ್ಲಿ ದನಿ ತುಂಡಾದರೆ ಕ್ಲೈಂಟ್ ಮುಖ ಬಿಗಿಯುತ್ತೆ. ಹಾಗಾಗಿ ವಿಪಿಎನ್ ಸರ್ವರನ್ನು ನಾನು ಅಳೆದೇ ಆರಿಸೋದು.

ಆ್ಯಪ್‌ನಲ್ಲಿ ‘ಇಂಡಿಯಾ’ ಅಂತಿದ್ದರೆ ಸರ್ವರ್ ಇಲ್ಲೇ ಇದೆ ಅಂತಲ್ಲ. ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟಿರಬೇಕೆಂಬ ನಿಯಮ 2022ರಲ್ಲಿ ಬಂದಾಗ, ಕೆಲವು ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನು ತೆಗೆದವು. ಕೆಲವದರ ‘ಇಂಡಿಯಾ’ ಈಗ ಸಿಂಗಪುರದಲ್ಲಿದೆ. ಅದನ್ನು ಪಿಂಗ್ ಹೇಳಿಬಿಡುತ್ತೆ. ಫೈಬರ್‌ನಲ್ಲಿ ನೂರು ಕಿಲೋಮೀಟರ್ ದೂರ ಹೋಗಿಬರಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಸಿಂಗಪುರಕ್ಕೆ 30ಕ್ಕಿಂತ ಕಡಿಮೆ ಬರಲಾರದು.

ಹೋಲಿಸುವಾಗ ವಿಪಿಎನ್ ಆಫ್ ಇರಬೇಕು. ಆನ್ ಇದ್ದರೆ ಪ್ರತಿ ಪಿಂಗೂ ಆ ಸರ್ವರನ್ನು ಸುತ್ತಿಕೊಂಡೇ ಹೋಗುತ್ತೆ. ಮನೆಯವರ ಡೌನ್‌ಲೋಡ್ ನಿಂತ ಮೇಲೆ, ಅದೇ ವೈಫೈನಲ್ಲಿ, ಸರ್ವರ್‌ಗಳನ್ನು ಒಂದಾದ ಮೇಲೊಂದು ಅಳೆದು, ಹೀಗೇ ಮೂರು ಸುತ್ತು ಮಾಡ್ತೀನಿ. ಪ್ರತಿಯೊಂದರ ಮೂರು ಸಂಖ್ಯೆಗಳಲ್ಲಿ ನಡುವಿನದೇ ಲೆಕ್ಕ. ಒಮ್ಮೆ ತಡವಾದದ್ದು ತೀರ್ಪು ಕೆಡಿಸಲ್ಲ.

ಕಳೆದ ವಾರ ಒಂದು ಸರ್ವರ್ 46 ಮಿಲಿಸೆಕೆಂಡ್, ಲೋಡ್ 90%. ಇನ್ನೊಂದು 52, ಲೋಡ್ 30%. ಆರು ಮಿಲಿಸೆಕೆಂಡ್ ಕಿವಿಗೆ ತಿಳಿಯಲ್ಲ. ತುಂಬಿದ ಸರ್ವರಿನಲ್ಲಿ ಮಾತಿನ ತುಣುಕುಗಳು ಸರದಿ ಕಾಯೋದು ಮಾತ್ರ ತಿಳಿಯುತ್ತೆ. ನಾನು 52ರದ್ದನ್ನೇ ಹಿಡಿದೆ. ಒಂದು ಗಂಟೆಯ ಕಾಲ್‌ನಲ್ಲಿ ದನಿ ಎಲ್ಲೂ ತುಂಡಾಗಲಿಲ್ಲ. ಆದರೆ ಲೋಡ್ ಗಂಟೆಗೊಂದು ಥರ. ಬೆಳಗಿನ ಅಳತೆ ಸಂಜೆಗೆ ನಡೆಯಲ್ಲ.