ಎರಡು ಮುಹೂರ್ತಗಳ ನಡುವೆ

ನಮ್ಮಲ್ಲಿ ಮುಹೂರ್ತವನ್ನು ಕೊಂಚ ಎಳೆಯಬಹುದು. ವರನ ಕಡೆಯವರು ಬರುವುದು ತಡವಾದರೆ ಪುರೋಹಿತರು ಇನ್ನೆರಡು ಮಂತ್ರಗಳನ್ನು ರಾಗವಾಗಿ ಹೇಳಿ ಹೊತ್ತು ನೂಕುತ್ತಾರೆ. ವಿಮಾನದವರಿಗೆ ಆ ದಾಕ್ಷಿಣ್ಯವಿಲ್ಲ.

2023ರ ನವೆಂಬರ್ ಕೊನೆಯಲ್ಲಿ ನಮ್ಮ ಭಾವನವರ ಮಗಳ ಮದುವೆ ಸಿಂಗಪುರದಲ್ಲಿ ಗೊತ್ತಾಗಿತ್ತು. ಅಕ್ಕ ವಾರದ ಹಿಂದೆಯೇ ಹೋಗಿದ್ದಳು. ಭಾವನವರು ಕಚೇರಿಯ ಕೆಲಸ ಮುಗಿಸಿ ಮುನ್ನಾದಿನದ ರಾತ್ರಿ 11 ಗಂಟೆಯ ವಿಮಾನಕ್ಕೆ ಹೊರಟರು. ಪ್ರಯಾಣ ನಾಲ್ಕೂವರೆ ಗಂಟೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಇಳಿಯುವಾಗ ಅಲ್ಲಿ ಬೆಳಗಿನ ಆರು. ಲಗ್ನ ಒಂಬತ್ತೂವರೆಗೆ. ಲಗ್ನವೆಂಬುದು ಊರಿಂದೂರಿಗೆ ಬದಲಾಗುವುದರಿಂದ, ಅದನ್ನೂ ಸಿಂಗಪುರದ ಸೂರ್ಯೋದಯಕ್ಕೆ ಲೆಕ್ಕ ಹಾಕಿಸಿದ್ದರು. ಬೆಂಗಳೂರಿನ ರಸ್ತೆಯನ್ನು ಮಾತ್ರ ಯಾವ ಜೋಯಿಸರೂ ಗುಣಿಸಿರಲಿಲ್ಲ.

ಬಸವನಗುಡಿಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 40 ಕಿಲೋಮೀಟರ್. ಆರೂವರೆಗೆ ಹೊರಟೆವು. ಮೇಖ್ರಿ ವೃತ್ತ ತಲುಪುವಾಗ ಎಂಟಕ್ಕೆ ಹತ್ತು ನಿಮಿಷ. ಅಲ್ಲಿಂದ ಹೆಬ್ಬಾಳದವರೆಗೆ ನಾಲ್ಕೇ ಮೈಲಿಯೂ ಇಲ್ಲ; ಆದರೆ ಮೇಲ್ಸೇತುವೆಯ ಮೇಲೆ ಒಂದು ಲಾರಿ ಕೆಟ್ಟು ನಿಂತಿತ್ತು. ಹೊರವರ್ತುಲ ರಸ್ತೆಯ ವಾಹನಗಳೂ ಬಳ್ಳಾರಿ ರಸ್ತೆಯ ವಾಹನಗಳೂ ಕೂಡುವ ಜಾಗವದು. ಅಲ್ಲಿ ಒಂದು ಸಾಲು ನಿಂತರೆ ಊರೇ ನಿಂತಂತೆ. ಹೆಬ್ಬಾಳ ದಾಟಿದಾಗ ಒಂಬತ್ತೂ ಕಾಲು.

“ವಿಮಾನ ಹನ್ನೊಂದಕ್ಕಲ್ಲವೇ ಭಾವ, ಇನ್ನೂ ಹೊತ್ತಿದೆ” ಎಂದೆ.

“ವಿಮಾನ ಹನ್ನೊಂದಕ್ಕಪ್ಪ. ಕೌಂಟರು ಹತ್ತಕ್ಕೇ ಮುಚ್ಚುತ್ತೆ” ಎಂದರು.

ಇದರಲ್ಲಿ ಹಟವೇನಿಲ್ಲ. ಒಪ್ಪಿಸಿದ ಪೆಟ್ಟಿಗೆಗಳನ್ನು ತಪಾಸಣೆ ಮಾಡಿ ಹೊಟ್ಟೆಗೆ ತುಂಬಬೇಕು. ಜನ ಎಷ್ಟು, ಸಾಮಾನು ಎಷ್ಟು, ತೂಕ ಹಿಂದೆ ಮುಂದೆ ಹೇಗೆ ಹಂಚಿದೆ ಎಂಬ ಲೆಕ್ಕದ ಹಾಳೆ ಹೊರಡುವ ಮುನ್ನ ಪೈಲಟ್ ಕೈ ಸೇರಬೇಕು. ಪೆಟ್ಟಿಗೆ ಒಪ್ಪಿಸಿದವನು ಆಮೇಲೆ ಹತ್ತದೆ ಹೋದರೆ ಆ ಪೆಟ್ಟಿಗೆಯನ್ನು ಹುಡುಕಿ ಇಳಿಸಬೇಕು; ಎಲ್ಲರಿಗೂ ತಡ. ವೀಸಾ ನೋಡಬೇಕಾದ ಕಾರಣ, ಮನೆಯಲ್ಲೇ ಸೀಟು ಗೊತ್ತು ಮಾಡಿಕೊಂಡವರೂ ಎಷ್ಟೋ ಸಲ ಕೌಂಟರಿಗೆ ಹೋಗಲೇಬೇಕಾಗುತ್ತದೆ.

ಯಲಹಂಕ ದಾಟುವಾಗ ಭಾವನವರು ಹಿಂದಿನ ಸೀಟಿನಲ್ಲಿ ಚೀಲ ಬಿಚ್ಚಿದರು. ಧಾರೆ ಸೀರೆ, ತಾಮ್ರದ ಗಿಂಡಿ, ಅಕ್ಷತೆಯ ಪೊಟ್ಟಣ, ಪಾಸ್‌ಪೋರ್ಟು: ಇಷ್ಟನ್ನು ಕೈಚೀಲಕ್ಕೆ ಸೇರಿಸಿದರು. ಚಕ್ಕುಲಿ, ಕೋಡುಬಳೆ, ಬೀಗರಿಗೆ ಕೊಡುವ ಪಂಚೆಗಳು ತುಂಬಿದ ದೊಡ್ಡ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿ, “ಇದನ್ನು ಮನೆಗೆ ಒಯ್ಯಿ. ಚಕ್ಕುಲಿ ಇಲ್ಲದೆ ಮದುವೆಯಾದೀತು” ಎಂದರು. ಮುಂದಿನ ಮಾತನ್ನು ಅವರು ಆಡಲಿಲ್ಲ.

ಒಂಬತ್ತು ಮುಕ್ಕಾಲಿಗೆ ಬಾಗಿಲ ಬಳಿ ಇಳಿದರು. ಕಾವಲಿನವನು ಟಿಕೇಟು ನೋಡಿ ಒಳಗೆ ಬಿಟ್ಟ. ಟಿಕೇಟಿಲ್ಲದ ನಾನು ಗಾಜಿನಾಚೆ ನಿಂತೆ. ಅರವತ್ತರ ಮನುಷ್ಯ ಗಿಂಡಿಯನ್ನು ಎದೆಗವಚಿಕೊಂಡು ಓಡಿದ್ದನ್ನು ಕಂಡೆ. ಹತ್ತಕ್ಕೆ ನಾಲ್ಕು ನಿಮಿಷವಿದ್ದಾಗ ಫೋನು ಬಂತು: “ಚೀಟಿ ಸಿಕ್ಕಿತು.”

ಮರುದಿನ ಅಕ್ಕ ಹೇಳಿದಳು: ಧಾರೆ ಎರೆಯುವಾಗ ಭಾವನವರ ಕೈ ಒಂದಿಷ್ಟೂ ನಡುಗಲಿಲ್ಲವಂತೆ. ನಡುಗಬೇಕಾದದ್ದೆಲ್ಲ ಹೆಬ್ಬಾಳದಲ್ಲೇ ಮುಗಿದಿತ್ತು.