ನೀಲಿ ಟಿಕ್ ಬಿತ್ತು, ಫೈಲ್ ಹೋಗಲಿಲ್ಲ

ಹೋದ ರಜೆಯಲ್ಲಿ ಸೊರಬದಲ್ಲಿ ಮಾವನ ಸ್ಟುಡಿಯೋದಲ್ಲಿ ಕೂತಿದ್ದೆ. ಒಂದು ಮದುವೆಯ ಫೈನಲ್ ವಿಡಿಯೋ, 30 ಜಿಬಿ, ಬೆಂಗಳೂರಲ್ಲಿರೋ ಮದುಮಗಳಿಗೆ ಕಳಿಸಬೇಕಿತ್ತು. ಮಾವ ಪೆನ್‌ಡ್ರೈವ್ ಕೊರಿಯರ್ ಮಾಡೋಣ ಅಂದ್ರು. ಬೇಡ ಅಂದಿದ್ದು ನಾನೇ.

ಗೂಗಲ್ ಡ್ರೈವ್‌ನಲ್ಲಿ ಪುಕ್ಕಟೆ ಸಿಗೋದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋ ಎಲ್ಲ ಸೇರಿರುತ್ತೆ. ಹಾಗಾಗಿ ದೊಡ್ಡ ಫೈಲ್ ಕಳಿಸೋ ಒಂದು ಸೈಟಿಗೆ ದುಡ್ಡು ಕಟ್ಟಿ ಅಪ್‌ಲೋಡ್‌ಗೆ ಹಾಕಿದೆ. ಸ್ಟುಡಿಯೋದ ಅಪ್‌ಲೋಡ್ ವೇಗ 20 ಎಂಬಿಪಿಎಸ್. 30 ಜಿಬಿ ಅಂದ್ರೆ 2,40,000 ಮೆಗಾಬಿಟ್. 20ರಿಂದ ಭಾಗಿಸಿದ್ರೆ 12,000 ಸೆಕೆಂಡು, ಅಂದ್ರೆ 3 ಗಂಟೆ 20 ನಿಮಿಷ. ಮಧ್ಯೆ ಒಮ್ಮೆ ಕರೆಂಟ್ ಹೋಗಿ, ಮತ್ತೆ ಮೊದಲಿಂದ ಶುರು. ಸಂಜೆಗೆ ಲಿಂಕ್ ಸಿಕ್ತು, ವಾಟ್ಸಾಪ್ ಮಾಡಿದೆ, ನೀಲಿ ಟಿಕ್ ಬಿತ್ತು. ಲ್ಯಾಪ್‌ಟಾಪ್ ತುಂಬಿತ್ತು ಅಂತ ಮಾವ ಆ ಫೈಲನ್ನು ಅಳಿಸಿಬಿಟ್ರು. "ಇಂಟರ್ನೆಟ್ಟಲ್ಲಿ ಇದ್ಯಲ್ಲ!"

ಒಂಬತ್ತನೇ ದಿನ ಆಕೆಯ ಫೋನ್. ಪ್ರವಾಸ ಮುಗಿಸಿ ಬಂದು ಲಿಂಕ್ ಒತ್ತಿದ್ರೆ ಅವಧಿ ಮುಗಿದಿದೆ ಅಂತ ಬರ್ತಿದೆ. ಆ ಲಿಂಕಿಗೆ ಆಯುಸ್ಸು ಇದ್ದಿದ್ದೇ ಏಳು ದಿನ. ಆಮೇಲೆ ಸೈಟಿನವರ ಹತ್ತಿರವೂ ಫೈಲ್ ಇರಲ್ಲ. ಮಾವನ ಮುಖ ನೋಡೋಕಾಗಲಿಲ್ಲ. ಪುಣ್ಯಕ್ಕೆ ಎಡಿಟಿಂಗ್ ಪ್ರಾಜೆಕ್ಟು, ಮೂಲ ಕ್ಲಿಪ್‌ಗಳು ಬೇರೆ ಹಾರ್ಡ್‌ಡಿಸ್ಕಲ್ಲಿದ್ವು. ರಾತ್ರಿಯಿಡೀ ಮತ್ತೆ ಎಕ್ಸ್‌ಪೋರ್ಟ್ ಮಾಡಿದ್ವಿ.

ಎರಡನೇ ಸಲ ಒಂದು ತಿಂಗಳಿಗೆ ಡ್ರೈವ್ ಜಾಗ ಕೊಂಡ್ವಿ. ವಿಡಿಯೋವನ್ನು ನಾಂದಿ, ಧಾರೆ, ಆರತಕ್ಷತೆ ಅಂತ ಭಾಗ ಮಾಡಿ ಒಂದೇ ಫೋಲ್ಡರಿಗೆ ಹಾಕಿದ್ವಿ. ಒಂದು ಭಾಗ ನಿಂತರೆ ಅದನ್ನಷ್ಟೇ ಮತ್ತೆ ಇಳಿಸಿಕೊಂಡರೆ ಸಾಕು. 'ಲಿಂಕ್ ಇದ್ದವರೆಲ್ಲ' ಅಂತ ಬಿಡದೆ ಆಕೆಯ ಇಮೇಲಿಗೆ ಮಾತ್ರ ಅನುಮತಿ ಕೊಟ್ವಿ. ಧಾರೆ ಭಾಗದಲ್ಲಿ ಒಂದು ಹೆಸರು ತಪ್ಪಿತ್ತು. ಆ ಭಾಗಕ್ಕೆ ಹೊಸ ಆವೃತ್ತಿ ಹಾಕಿದ್ವಿ, ಲಿಂಕ್ ಅದೇ ಉಳೀತು. ಒಮ್ಮೆ ಕಳಿಸೋ ಲಿಂಕಲ್ಲಾಗಿದ್ರೆ ಹೊಸ ಅಪ್‌ಲೋಡು, ಹೊಸ ಲಿಂಕು ಬೇಕಾಗ್ತಿತ್ತು.

ಇಳಿದಿದ್ದು ಪೂರ್ತಿ ಬಂತಾ ಅಂತ ನೋಡೋಕೆ ಎರಡೂ ಕಡೆ, ವಿಂಡೋಸ್‌ನಲ್ಲಿ, ಒಂದೊಂದು ಭಾಗಕ್ಕೂ ಇದನ್ನು ಓಡಿಸಿದ್ವಿ:

```
certutil -hashfile dhare.mp4 SHA256
```

ಎರಡು ಕಡೆಯ ಸಾಲೂ ಒಂದೇ ಆಗಿದ್ರೆ ಫೈಲೂ ಒಂದೇ. ಆಮೇಲಷ್ಟೇ ಡ್ರೈವ್‌ನಿಂದ ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿದ್ವಿ. ಟ್ರ್ಯಾಶಲ್ಲಿದ್ದಿದ್ದೂ ಜಾಗ ತಿನ್ನುತ್ತೆ.

ಹಾಗಂತ ಒಮ್ಮೆ ಕಳಿಸೋ ಲಿಂಕ್ ಕೆಟ್ಟದ್ದೇನಲ್ಲ. ಆ ಕಡೆಯವರು ಕಂಪ್ಯೂಟರ್ ಮುಂದೆ ಕೂತು "ಕಳಿಸಿ, ಇವತ್ತೇ ಇಳಿಸ್ಕೋತೀನಿ" ಅಂದ್ರೆ ಅದೇ ಸಲೀಸು. ಅಳಿಸೋ ಕೆಲಸ ತಾನಾಗೇ ಆಗುತ್ತೆ, ಹಳೇ ಮದುವೆಗಳು ನಮ್ಮ ಖಾತೆಯಲ್ಲಿ ಕೊಳೆಯಲ್ಲ. ನಾನು ಫೋನ್ ಮಾಡಿ ಕೇಳದೆ ಆ ಲಿಂಕ್ ಆರಿಸಿದ್ದು ತಪ್ಪು.

ಮಾವ ಈಗ "ಬಂತು, ತೆರೀತು" ಅಂತ ಅವರ ಬಾಯಲ್ಲಿ ಕೇಳೋವರೆಗೂ ಏನನ್ನೂ ಅಳಿಸಲ್ಲ. ನಾನೂ ನೀಲಿ ಟಿಕ್ ನಂಬಲ್ಲ.